ಸೈನಸ್ ಸಿಟಿ ರಿಪೋರ್ಟ್: ಮೊದಲು ಸ್ಕ್ಯಾನ್ ಮಾಡ್ಸಿದ ತಾರೀಖು ನೋಡಿ

ಪ್ರಶ್ನೆ: ವಯಸ್ಸು 34. ವರ್ಷಕ್ಕೆ ನಾಲ್ಕೈದು ಸಲ ಸೈನಸ್ ಕಾಟ. ಈ ಸಲ ನೆಗಡಿ ಶುರುವಾದ ನಾಲ್ಕನೇ ದಿನ ಸಿಟಿ ಮಾಡ್ಸಿದ್ವಿ. ಮೂಗಿನ ನಡುಗೋಡೆ ಎಡಕ್ಕೆ ಸೊಟ್ಟ, ಎರಡೂ ಕೆನ್ನೆ ಸೈನಸ್‌ನಲ್ಲಿ ಮ್ಯೂಕೋಸಲ್ ಥಿಕನಿಂಗ್ ಅಂದ್ರೆ ಒಳಪದರ ದಪ್ಪ, ಬಲಗಡೆ ಓಎಂಸಿ ಬ್ಲಾಕ್ ಅಂತ ಬಂದಿದೆ. ನಡುಗೋಡೆ ನೆಟ್ಟಗೆ ಮಾಡ್ಸಿದ್ರೆ ಎಲ್ಲಾ ಸರಿಹೋಗುತ್ತಾ ಡಾಕ್ಟ್ರೇ?

ಉತ್ತರ: ನಾಲ್ಕನೇ ದಿನ ಸ್ಕ್ಯಾನ್ ಮಾಡ್ಸಿದೀರಲ್ಲ, ತೊಂದರೆ ಇರೋದೇ ಅಲ್ಲಿ. 1994ರಲ್ಲಿ ಅಮೆರಿಕದಲ್ಲಿ ಬರೀ ಸಾಮಾನ್ಯ ನೆಗಡಿ ಆದ 31 ಜನಕ್ಕೆ ಸಿಟಿ ಮಾಡಿ ನೋಡಿದ್ರು, 27 ಜನರ ಕೆನ್ನೆ ಸೈನಸ್‌ನಲ್ಲಿ ಏನೋ ಒಂದು ಕಾಣಿಸ್ತು, ಆಮೇಲೆ ಆಂಟಿಬಯೋಟಿಕ್ ಏನೂ ಕೊಡದೆ ಎರಡು ವಾರ ಬಿಟ್ಟು ಕೆಲವರಿಗೆ ಮತ್ತೆ ತೆಗೆದಾಗ ಬಹುತೇಕ ತಿಳಿಯಾಗಿತ್ತು. ಅಂದ್ರೆ ನೆಗಡಿಯಲ್ಲಿ ತೆಗೆದ ಫಿಲ್ಮಲ್ಲಿ ಕಾಣೋದು ಆ ನೆಗಡಿ ಅಷ್ಟೇ, ನಿಮ್ಮ ಮೂಗು ದಿನಾ ಹೆಂಗಿರುತ್ತೆ ಅನ್ನೋದಲ್ಲ. ಇದನ್ನ ನಾನು ವಾರಕ್ಕೆ ಮೂರು ಸಲ ಹೇಳ್ತೀನಿ, ಆದ್ರೂ ಜನ ವಾಟ್ಸಾಪಲ್ಲಿ ರಿಪೋರ್ಟಿನ ಕೊನೇ ನಾಲ್ಕು ಸಾಲಿನ ಫೋಟೋ ಮಾತ್ರ ಕಳಿಸ್ತಾರೆ, ತಾರೀಖು ಕಟ್ ಆಗಿರುತ್ತೆ.

ಓಎಂಸಿ ಅಂದ್ರೆ ಕೆನ್ನೆ, ಹಣೆ, ಕಣ್ಣಿನ ಪಕ್ಕದ ಮುಂದಿನ ಸೈನಸ್‌ಗಳ ಕಫ ಮೂಗಿಗೆ ಬಂದು ಬೀಳೋ ಸಂದು. ಕೆನ್ನೆ ಸೈನಸ್‌ನ ಬಾಗಿಲು ತಳದಲ್ಲಿಲ್ಲ, ಮೇಲೆ ಕಣ್ಣಿನ ಹತ್ರ ಇದೆ, ಸಂಪಿನ ನೀರು ಹೊರಹೋಗೋಕೆ ಮೇಲಿನ ಅಂಚಲ್ಲಿ ತೂತು ಇಟ್ಟಂಗೆ. ಒಳಪದರದ ಸಣ್ಣ ಸಣ್ಣ ರೋಮ ಕಫನ ಮೇಲಕ್ಕೆ ತಳ್ಕೊಂಡು ಹೋಗಿ ಆ ಬಾಗಿಲಿಂದ ಆಚೆ ಹಾಕ್ಬೇಕು. ಸಂದು ಮೊದಲೇ ಕಿರಿದು, ಪದರ ಒಂದೆರಡು ಮಿಲಿಮೀಟರ್ ಊದ್ಕೊಂಡ್ರೆ ಮುಚ್ಚಿಹೋಯ್ತು. ನೆಗಡಿ ಇಳಿದ ಮೇಲೂ ಅದು ಮುಚ್ಚೇ ಇದ್ಯಾ ಅನ್ನೋದೇ ನಾವು ನೋಡ್ಬೇಕಾದ್ದು.

ಇನ್ನು ನಡುಗೋಡೆ. ನಿಮ್ಮದು ಸೊಟ್ಟ ಇರೋದು ಎಡಕ್ಕೆ, ಬ್ಲಾಕ್ ಆಗಿರೋದು ಬಲಕ್ಕೆ! ಗೋಡೆ ಒಂದು ಕಡೆ ವಾಲಿದ್ರೆ ಇನ್ನೊಂದು ಕಡೆ ಜಾಗ ಜಾಸ್ತಿ ಆಗುತ್ತೆ, ಆ ಕಡೆಯ ಟರ್ಬಿನೇಟ್ ಅನ್ನೋ ಮೂಗಿನೊಳಗಿನ ಮೂಳೆ ಮಡಿಕೆ ದಪ್ಪ ಆಗಿರಬಹುದು, ಇಲ್ಲಾ ಅದರೊಳಗೇ ಗಾಳಿಗುಳ್ಳೆ ಇದ್ದು ಸಂದನ್ನ ಒತ್ತಿರಬಹುದು. ಆ ಗಾಳಿಗುಳ್ಳೆಗೇ ಕಾಂಕಾ ಬುಲೋಸಾ ಅನ್ನೋದು, ರಿಪೋರ್ಟಲ್ಲಿ ಹಾಗಂತ ಇದ್ಯಾ ಹುಡುಕಿ. ನೆಟ್ಟಗಿನ ನಡುಗೋಡೆ ಇರೋರೇ ಕಮ್ಮಿ, ಸೊಟ್ಟ ಅಂತ ಬರೆದಿದ್ದಕ್ಕೆ ಕತ್ತರಿ ಹಾಕೋದಲ್ಲ. ಗೋಡೆ ವಾಲಿದ ಕಡೆ ಮೂಗು ಸದಾ ಕಟ್ಟಿದ್ರೆ, ಇಲ್ಲಾ ಸರ್ಜನ್‌ಗೆ ಸಂದಿನ ತನಕ ದಾರಿ ಸಿಗದಿದ್ರೆ ಸರಿ ಮಾಡ್ತೀವಿ. ಬರೀ ಗೋಡೆ ನೆಟ್ಟಗೆ ಮಾಡಿ ಬಲಗಡೆ ಸಂದು ಹಾಗೇ ಬಿಟ್ರೆ ಮುಂದಿನ ಮಳೆಗಾಲಕ್ಕೆ ವಾಪಸ್ ಬರ್ತೀರ.

ಈಗ ಮಾಡೋದು ಇಷ್ಟು. ಕುದಿಸಿ ಆರಿಸಿದ ನೀರಲ್ಲಿ ಇದಕ್ಕಂತಲೇ ಸಿಗೋ ಸಣ್ಣ ಉಪ್ಪಿನ ಪ್ಯಾಕೆಟ್ ಹಾಕಿ ದಿನಕ್ಕೆರಡು ಸಲ ಮೂಗು ತೊಳೆಯಿರಿ, ನಲ್ಲಿ ನೀರು ಹಂಗೇ ಬೇಡ. ಆಮೇಲೆ ನಿಮ್ಮ ಡಾಕ್ಟ್ರು ಬರ್ಕೊಟ್ಟ ಸ್ಟೆರಾಯ್ಡ್ ಸ್ಪ್ರೇ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ತುದಿ ನಡುಗೋಡೆ ಕಡೆ ತಿರುಗದೆ ಕಣ್ಣಿನ ಹೊರಮೂಲೆ ಕಡೆ ಇರ್ಲಿ. ನಾಲ್ಕು ದಿನ ಹೊಡ್ದು ಕೆಲಸ ಮಾಡ್ಲಿಲ್ಲ ಅಂತ ಬಿಸಾಕಬೇಡಿ, ಎಂಟು ವಾರ ಬೇಕು. ಆಮೇಲೂ ಕಾಟ ಇದ್ರೆ ಎಂಡೋಸ್ಕೋಪಿ, ಮೂಗು ಶಾಂತ ಇದ್ದಾಗ ಇನ್ನೊಂದು ಸಿಟಿ. ಆಗಲೂ ಬಲ ಸಂದು ಮುಚ್ಚಿದ್ರೆ ಆಪರೇಷನ್ ಮಾತಾಡೋಣ, ನಾನೂ ಬೇಡ ಅನ್ನಲ್ಲ.

ಜೊತೆಗೆ ಆ ನಾಲ್ಕೈದು ಸಲ ಬಂದಿದ್ದು ನಿಜಕ್ಕೂ ಸೈನಸೈಟಿಸ್ಸಾ ಅಂತ ಬರೆದಿಡಿ. ಹತ್ತು ದಿನ ದಾಟಿದ್ರೆ, ಇಲ್ಲಾ ಕಮ್ಮಿಯಾಗಿ ಮತ್ತೆ ಜೋರಾಗಿ ಹಳದಿ ಕಫ, ಮುಖನೋವು ಬಂದ್ರೆ ಲೆಕ್ಕಕ್ಕೆ ತಗೊಳ್ಳಿ. ಮೂರು ದಿನದ ತಲೆನೋವಾದ್ರೆ ಮೈಗ್ರೇನ್ ಇರಬಹುದು. ಕಣ್ಣು ಊದಿದ್ರೆ, ಎರಡೆರಡು ಕಂಡ್ರೆ ಇದ್ಯಾವ್ದೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ರಿಪೋರ್ಟಲ್ಲಿ ಬರೀ 3 ಮಿಲಿಮೀಟರ್ ಥಿಕನಿಂಗ್, ತೊಂದರೆ ಏನೂ ಇಲ್ಲ. ಭಯ ಪಡ್ಬೇಕಾ?

ಉತ್ತರ: ಬೇಡ. ಒಂದೇ ಕಡೆ ಸೈನಸ್ ಪೂರ್ತಿ ತುಂಬಿದ್ರೆ, ಮೂಳೆ ಸವೆದಿದೆ ಅಂತ ಬರೆದಿದ್ರೆ ಮಾತ್ರ ತಡ ಮಾಡ್ಬೇಡಿ, ಮೇಲಿನ ದವಡೆ ಹಲ್ಲನ್ನೂ ತೋರ್ಸಿ.

ಪ್ರಶ್ನೆ: ಮೂಗಿಗೆ ಬೆಳ್ಳುಳ್ಳಿ ರಸ ಬಿಟ್ರೆ ಸೊಟ್ಟ ಮೂಳೆ ಕರಗುತ್ತೆ ಅಂತ ನಮ್ಮೂರಲ್ಲಿ ಒಬ್ರು ಕೊಡ್ತಾರೆ, ಹಾಕ್ಸಲಾ?

ಉತ್ತರ: ಮೂಳೆ ಕರಗಲ್ಲ, ಮೂಗಿನ ಒಳಪದರ ಸುಡುತ್ತೆ.