ಟಿಜಿವಿಗೆ ಕಡ್ಡಾಯ ಸೀಟು, ಐಸಿಇಗೆ ಸಾದಾ ಟಿಕೆಟ್: ಯಾವುದು ಸುರಕ್ಷಿತ?

ಪ್ರಶ್ನೆ: ಬೇಸಿಗೆಯಲ್ಲಿ ಅಪ್ಪ ಅಮ್ಮನೊಂದಿಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಸ್ಟ್ರಾಸ್‌ಬರ್ಗ್, ಲಿಯಾನ್, ಪ್ಯಾರಿಸ್ ನೋಡಿಕೊಂಡು ಮತ್ತೆ ಫ್ರಾಂಕ್‌ಫರ್ಟ್‌ನಿಂದ ವಿಮಾನ ಹತ್ತುವ ಯೋಜನೆಯಿದೆ. ಜರ್ಮನಿಯಲ್ಲಿ ಅಲ್ಲಿನ ಹೈಸ್ಪೀಡ್ ರೈಲಾದ ಐಸಿಇ ಸೇರಿ ಯಾವ ರೈಲಿಗಾದರೂ ನಡೆಯುವ ಟಿಕೆಟ್ ಸಿಗುತ್ತದಂತೆ, ಫ್ರಾನ್ಸಿನ ಹೈಸ್ಪೀಡ್ ರೈಲಾದ ಟಿಜಿವಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯವಂತೆ. ಎಲ್ಲವನ್ನೂ ಮೊದಲೇ ಬುಕ್ ಮಾಡಿಬಿಡುವುದೋ, ಅಥವಾ ಆದಷ್ಟೂ ಸಾದಾ ಟಿಕೆಟ್ ಇಟ್ಟುಕೊಳ್ಳುವುದೋ? ಯಾವುದು ಸುರಕ್ಷಿತ?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಕೆಹ್ಲ್ ನಿಲ್ದಾಣ ನೆನಪಾಯಿತು. ಅದು ರೈನ್ ನದಿಯ ಜರ್ಮನ್ ದಡದಲ್ಲಿರುವ ಕೊನೆಯ ನಿಲ್ದಾಣ, ಸೇತುವೆ ದಾಟಿದರೆ ಸ್ಟ್ರಾಸ್‌ಬರ್ಗ್. ಆಗ ನಾನು ಕಾರ್ಲ್ಸ್‌ರೂಹೆಯಲ್ಲಿ ಕೆಲಸದಲ್ಲಿದ್ದೆ. ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನನ್ನು ಲಿಯಾನ್‌ಗೆ ಕರೆದುಕೊಂಡು ಹೊರಟಿದ್ದೆ. ಕಾರ್ಲ್ಸ್‌ರೂಹೆಯಿಂದ ಆಫೆನ್‌ಬುರ್ಗ್ ಮಾರ್ಗವಾಗಿ ಸ್ಟ್ರಾಸ್‌ಬರ್ಗ್‌ವರೆಗೆ ಪ್ರಾದೇಶಿಕ ರೈಲಿನ ಸಾದಾ ಟಿಕೆಟ್, ಅಲ್ಲಿಂದ ಲಿಯಾನ್‌ಗೆ ಬೆಳಗಿನ ಟಿಜಿವಿಯಲ್ಲಿ ಮೂರು ಸೀಟು. ಟಿಜಿವಿ ಟಿಕೆಟ್ಟನ್ನು ತಿಂಗಳುಗಳ ಮೊದಲೇ ಅಗ್ಗಕ್ಕೆ ತೆಗೆದುಕೊಂಡಿದ್ದೆ. ಸ್ಟ್ರಾಸ್‌ಬರ್ಗ್‌ನಲ್ಲಿ ರೈಲು ಬದಲಿಸಲು ಇಪ್ಪತ್ತೈದು ನಿಮಿಷ ಇತ್ತು. ಧಾರಾಳವಾಯಿತು ಎಂದುಕೊಂಡಿದ್ದೆ.

ನಮ್ಮ ಪ್ರಾದೇಶಿಕ ರೈಲು ಕೆಹ್ಲ್‌ನಲ್ಲಿ ನಿಂತಿತು. ಮುಂದಿನ ಹಳಿ ತೆರವಾಗಿಲ್ಲ ಎಂಬ ಪ್ರಕಟಣೆ ಬಂತು. ಐದು ನಿಮಿಷ ಕಳೆಯಿತು, ಹತ್ತಾಯಿತು, ಹದಿನೈದಾಯಿತು. ನನ್ನ ಕೈಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ಟಿಜಿವಿ ಟಿಕೆಟ್ ತೆರೆದೇ ಇತ್ತು. ಅದರ ಕೆಳಗೆ ಟಿಕೆಟ್ ಬದಲಾಯಿಸುವ ಗುಂಡಿಯೂ ಕಾಣುತ್ತಿತ್ತು. ಮಧ್ಯಾಹ್ನದ ರೈಲಿನಲ್ಲಿ ಇನ್ನೂ ಸೀಟುಗಳಿದ್ದವು. ನಾನು ಆ ಗುಂಡಿ ಒತ್ತಲಿಲ್ಲ. ನನಗೆ ನಷ್ಟ ತಂದದ್ದು ಅದೊಂದೇ.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜರ್ಮನಿಯಲ್ಲಿ ವರ್ಷಗಟ್ಟಲೆ ಓಡಾಡಿದವರೇ ಇಲ್ಲಿ ಎಡವುತ್ತಾರೆ. ಫ್ರಾನ್ಸಿನ ಟಿಜಿವಿ ಟಿಕೆಟ್ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಕ್ಕಲ್ಲ. ಅದು ಇಂಥ ದಿನ, ಇಂಥ ಹೊತ್ತಿಗೆ ಹೊರಡುವ ಇಂಥ ರೈಲಿನ, ಇಂಥ ಬೋಗಿಯ, ಇಂಥ ಸೀಟು. ಆ ರೈಲು ಹೊರಡುವ ಮುನ್ನ ಅದಕ್ಕೆ ಬೆಲೆ ಇದೆ: ಸಾಮಾನ್ಯ ದರದ ಟಿಕೆಟ್ಟನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿಕೊಂಡರೂ ತಲಾ ಇಪ್ಪತ್ತು ಯೂರೋ ಆಸುಪಾಸಿನ ಶುಲ್ಕ ಮತ್ತು ದರದ ವ್ಯತ್ಯಾಸ ಕೊಟ್ಟರೆ ಮುಗಿಯಿತು. ರೈಲು ಹೊರಟ ಮರುಕ್ಷಣ ಆ ಟಿಕೆಟ್ಟಿಗೆ ಬೆಲೆಯೇ ಇಲ್ಲ. ನಾನು ಕೆಹ್ಲ್‌ನಲ್ಲಿ ಕುಳಿತು ಎರಡು ವಿಷಯಗಳನ್ನು ನಂಬಿದ್ದೆ. ಒಂದು, ರೈಲು ಈಗ ಹೊರಟೇಬಿಡುತ್ತದೆ, ಸುಮ್ಮನೆ ಶುಲ್ಕ ಏಕೆ ಕೊಡಬೇಕು. ಇನ್ನೊಂದು, ತಪ್ಪಿದರೂ ಕೌಂಟರಿನಲ್ಲಿ ‘ಹಿಂದಿನ ರೈಲು ತಡವಾಯಿತು’ ಎಂದರೆ ಮುಂದಿನದಕ್ಕೆ ಹತ್ತಿಸಿಕೊಳ್ಳುತ್ತಾರೆ. ಎರಡನೆಯ ನಂಬಿಕೆ ಇಲ್ಲದಿದ್ದರೆ ಮೊದಲನೆಯದರ ಮೇಲೆ ಅಷ್ಟು ಹೊತ್ತು ಕುಳಿತಿರುತ್ತಿರಲಿಲ್ಲ.

ಆ ಎರಡನೆಯ ನಂಬಿಕೆ ಏಕೆ ಸುಳ್ಳಾಯಿತು ಎಂದರೆ, ನನ್ನ ಬಳಿ ಇದ್ದದ್ದು ಒಂದು ಪ್ರಯಾಣದ ಎರಡು ಭಾಗಗಳಲ್ಲ, ಸಂಬಂಧವೇ ಇಲ್ಲದ ಎರಡು ಒಪ್ಪಂದಗಳು. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕುಗಳ ನಿಯಮದ ಪ್ರಕಾರ, ಇಡೀ ಪ್ರಯಾಣವನ್ನು ಒಂದೇ ಟಿಕೆಟ್ಟಾಗಿ ಕೊಂಡಿದ್ದರೆ ನಡುವಿನ ರೈಲು ತಪ್ಪಿದಾಗ ನಿಮ್ಮನ್ನು ಗುರಿ ಮುಟ್ಟಿಸುವ ಹೊಣೆ ರೈಲು ಕಂಪನಿಯದು. ಬಿಡಿಬಿಡಿಯಾಗಿ ಕೊಂಡಿದ್ದರೆ ಆ ಹೊಣೆ ಬಹುಮಟ್ಟಿಗೆ ನಿಮ್ಮದೇ. ಟಿಜಿವಿಯ ಲೆಕ್ಕದಲ್ಲಿ ನನ್ನ ರೈಲು ತಡವಾಗಿರಲಿಲ್ಲ, ನಾನು ತಡವಾಗಿದ್ದೆ.

ಸ್ಟ್ರಾಸ್‌ಬರ್ಗ್ ತಲುಪಿದಾಗ ನಮ್ಮ ಟಿಜಿವಿ ಹೋಗಿಯಾಗಿತ್ತು. ಅದರ ಬಾಗಿಲುಗಳು ಹೊರಡುವ ಸಮಯಕ್ಕೆ ಎರಡು ನಿಮಿಷ ಮೊದಲೇ ಮುಚ್ಚುತ್ತವೆ ಎಂಬುದನ್ನೂ ನೆನಪಿಡಿ. ಸರತಿಯಲ್ಲಿ ನಿಂತು ನಮ್ಮ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನದ ರೈಲೂ ಭರ್ತಿಯಾಗಿತ್ತು. ರಜೆಯ ಶನಿವಾರ ಅದು. ನಿಂತುಕೊಂಡಾದರೂ ಹೋಗುತ್ತೇವೆ ಎಂದೆ, ಒಪ್ಪಲಿಲ್ಲ. ವಂದೇ ಭಾರತ್‌ನಲ್ಲಿ ಜನರಲ್ ಬೋಗಿ ಇಲ್ಲದಿರುವಂತೆಯೇ ಟಿಜಿವಿಯಲ್ಲೂ ಕಾಯ್ದಿರಿಸದವರಿಗೆಂದು ಬೋಗಿ ಇಲ್ಲ.

ಕೌಂಟರಿನಲ್ಲಿದ್ದ ಮಹಿಳೆ ನಮ್ಮ ಪೆಟ್ಟಿಗೆಗಳನ್ನೂ ಅಮ್ಮನ ಮುಖವನ್ನೂ ನೋಡಿ, ಒಂದು ಕಾಗದದ ಮೇಲೆ ನಾಲ್ಕು ರೈಲುಗಳನ್ನು ಬರೆದುಕೊಟ್ಟರು. ಸ್ಟ್ರಾಸ್‌ಬರ್ಗ್‌ನಿಂದ ಮ್ಯುಲೂಸ್, ಅಲ್ಲಿಂದ ಬೆಲ್‌ಫೋರ್, ಅಲ್ಲಿಂದ ಬೆಸಾನ್ಸೋನ್, ಕೊನೆಗೆ ಲಿಯಾನ್. ಎಲ್ಲವೂ ಟಿಇಆರ್, ಅಂದರೆ ಪ್ರಾದೇಶಿಕ ರೈಲು. ಅವಕ್ಕೆ ಸೀಟಿನ ಸಂಖ್ಯೆಯಿಲ್ಲ, ಒಂದು ತಪ್ಪಿದರೆ ಅದೇ ಟಿಕೆಟ್ಟಿನಲ್ಲಿ ಮುಂದಿನದು. ನಮ್ಮ ಟಿಜಿವಿ 2011ರಲ್ಲಿ ಆರಂಭವಾದ ರೈನ್–ರೋನ್ ಹೈಸ್ಪೀಡ್ ಹಳಿಯ ಮೇಲೆ ಬೆಲ್‌ಫೋರ್, ಬೆಸಾನ್ಸೋನ್ ಊರುಗಳ ಹೊರವಲಯದಲ್ಲಿ ಸಾಗಿ ನಾಲ್ಕು ಗಂಟೆಯೊಳಗೆ ಲಿಯಾನ್ ಮುಟ್ಟಿಸಬೇಕಿತ್ತು. ನಾವು ಊರೊಳಗಿನ ಹಳೆಯ ನಿಲ್ದಾಣಗಳಲ್ಲಿ ಹತ್ತಿ ಇಳಿದು, ಪೆಟ್ಟಿಗೆ ಎತ್ತಿ ಇಳಿಸಿ, ಕತ್ತಲಾದ ಮೇಲೆ ತಲುಪಿದೆವು. ಟಿಜಿವಿ ಹಣ ಹೋಯಿತು, ಟಿಇಆರ್‌ಗೆ ಪೂರ್ತಿ ದರ ತೆತ್ತೆವು. ಮೊದಲ ಸಂಜೆಯ ಊಟಕ್ಕೆಂದು ಹೇಳಿಟ್ಟಿದ್ದ ಜಾಗವೂ ಕೈತಪ್ಪಿತು. ಅಪ್ಪ ಏನೂ ಹೇಳಲಿಲ್ಲ, ಆದರೆ ಮರುದಿನ ಮಂಡಿ ನೋವಿನಿಂದ ಹೊರಗೆ ಬರಲಾಗಲಿಲ್ಲ. ನನಗೆ ಇಂದಿಗೂ ಬೇಸರ ತರುವುದು ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ಕಾಯ್ದಿರಿಸುವುದೋ, ಎಲ್ಲವನ್ನೂ ಸಾದಾ ಇಟ್ಟುಕೊಳ್ಳುವುದೋ ಎಂದು ಕೇಳುವುದೇ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಅಪಾಯ ಎರಡರಲ್ಲೂ ಇಲ್ಲ, ಅವು ಒಂದಕ್ಕೊಂದು ಸೇರುವ ಜಾಗದಲ್ಲಿ ಇದೆ, ಅದೂ ಒಂದೇ ದಿಕ್ಕಿನಲ್ಲಿ. ಸೀಟು ಕಡ್ಡಾಯವಾದ ರೈಲಿನಿಂದ ಇಳಿದು ಸಾದಾ ಟಿಕೆಟ್ಟಿನ ರೈಲು ಹತ್ತುವುದಾದರೆ ಮೊದಲನೆಯದು ಎಷ್ಟು ತಡವಾದರೂ ಟಿಕೆಟ್ ಸಾಯುವುದಿಲ್ಲ, ಮುಂದಿನ ರೈಲಿಗೆ ಹೋದರಾಯಿತು. ತಿರುಗುಮುರುಗಾಗಿ, ಸಾದಾ ರೈಲಿನಿಂದ ಇಳಿದು ಕಡ್ಡಾಯ ಸೀಟಿನ ರೈಲು ಹತ್ತುವುದಾದರೆ ಇಡೀ ದಿನದ ಹಣ ಆ ಒಂದು ಬದಲಾವಣೆಯ ಮೇಲೆ ನಿಂತಿರುತ್ತದೆ. ಅಲ್ಲಿ ಇಪ್ಪತ್ತೈದು ನಿಮಿಷ ಸಾಲದು. ಗಂಟೆಗೊಂದು ರೈಲು ಇರುವ ಮಾರ್ಗವಾದರೆ, ಒಂದು ರೈಲು ಪೂರ್ತಿ ತಪ್ಪಿದರೂ ಮುಂದಿನದರಲ್ಲಿ ಬಂದು ಸೀಟು ಹಿಡಿಯುವಷ್ಟು ಅಂತರ ಇಡಿ. ಅದೂ ಆಗದಿದ್ದರೆ ಆ ಊರಿನಲ್ಲೇ ರಾತ್ರಿ ತಂಗಿ.

‘ಯಾವ ರೈಲಿಗಾದರೂ ನಡೆಯುವ ಟಿಕೆಟ್’ ಎಂಬುದರ ಬೆಲೆ ಮುಂದಿನ ರೈಲು ಎಷ್ಟು ಬೇಗ ಬರುತ್ತದೆ ಎಂಬುದರಲ್ಲಿದೆ. ಜರ್ಮನಿಯ ದೊಡ್ಡ ಊರುಗಳ ನಡುವೆ ಐಸಿಇ ಗಂಟೆಗೊಂದು, ಎರಡು ಗಂಟೆಗೊಂದು ಬರುವುದರಿಂದ ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಸ್ಟ್ರಾಸ್‌ಬರ್ಗ್–ಲಿಯಾನ್ ನಡುವೆ ದಿನಕ್ಕೆ ಕೆಲವೇ ನೇರ ಟಿಜಿವಿಗಳಿವೆ. ಅಲ್ಲಿ ಸೀಟು ಕಡ್ಡಾಯವಿಲ್ಲದಿದ್ದರೂ ನಾನು ಗಂಟೆಗಟ್ಟಲೆ ಕಾಯಲೇಬೇಕಿತ್ತು. ಫ್ರಾನ್ಸ್ ಈ ವ್ಯವಸ್ಥೆಯನ್ನು ವಿಮಾನಗಳಿಂದಲೇ ತಂದದ್ದು. 1993ರಲ್ಲಿ ಜಾರಿಗೆ ಬಂದ ಸಾಕ್ರಟ್ ಎಂಬ ಬುಕಿಂಗ್ ವ್ಯವಸ್ಥೆಯ ಮೂಲ ಅಮೆರಿಕನ್ ಏರ್‌ಲೈನ್ಸ್‌ನ ಸೇಬರ್. ಹಾಗಾಗಿ ಟಿಜಿವಿಯನ್ನು ವಿಮಾನವೆಂದೇ ತಿಳಿದು ನಡೆದುಕೊಳ್ಳಿ: ಬೇಗ ಕೊಂಡರೆ ಅಗ್ಗ, ಬೇಗ ಹೋಗಿ ನಿಲ್ಲಿ, ತಪ್ಪುವ ಸೂಚನೆ ಕಂಡ ಕೂಡಲೇ, ಅದು ಹೊರಡುವ ಮೊದಲೇ ಬದಲಿಸಿ.

ಜರ್ಮನಿಯ ಬಗ್ಗೆಯೂ ಒಂದು ಎಚ್ಚರ. ಅಲ್ಲಿ ಎಲ್ಲ ಟಿಕೆಟ್ಟೂ ಎಲ್ಲ ರೈಲಿಗೆ ನಡೆಯುವುದಿಲ್ಲ. ಫ್ಲೆಕ್ಸ್‌ಪ್ರೈಸ್ ಎಂಬ ಪೂರ್ಣ ದರದ ಟಿಕೆಟ್ ಆ ದಿನ ಆ ಮಾರ್ಗದ ಯಾವ ರೈಲಿಗಾದರೂ ನಡೆಯುತ್ತದೆ. ಅಗ್ಗದ ಸ್ಪಾರ್‌ಪ್ರೈಸ್ ನಿರ್ದಿಷ್ಟ ಐಸಿಇಗೆ ಕಟ್ಟುಬಿದ್ದದ್ದು. ಗುರಿ ತಲುಪುವುದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡವಾಗಲಿದೆ ಎಂದಾದಾಗ ಮಾತ್ರ ಆ ಕಟ್ಟು ಸಡಿಲವಾಗುತ್ತದೆ. ಇವೆರಡರಲ್ಲಿ ಯಾವುದನ್ನು ಕೊಂಡರೂ ಎರಡನೇ ದರ್ಜೆಯಲ್ಲಿ ಸೀಟು ಸಿಗುತ್ತದೆಂಬ ಖಾತರಿಯಿಲ್ಲ, ಸೀಟಿಗೆ ಪ್ರತ್ಯೇಕವಾಗಿ ತಲಾ ಐದು ಯೂರೋ ಆಸುಪಾಸು. ಒಬ್ಬರೇ ಇದ್ದರೆ ಆ ಐದು ಯೂರೋ ಉಳಿಸಿ. ಅಪ್ಪ ಅಮ್ಮ ಜೊತೆಗಿದ್ದರೆ ಉಳಿಸಬೇಡಿ. ಶುಕ್ರವಾರ ಸಂಜೆಯ ಐಸಿಇಯಲ್ಲಿ ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ಕುಳಿತು ಹೋಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ಕಾಯ್ದಿರಿಸಿದ ಸೀಟಿನಲ್ಲಿ ರೈಲು ಹೊರಟು ಹದಿನೈದು ನಿಮಿಷದೊಳಗೆ ಕೂರದಿದ್ದರೆ ಹಕ್ಕು ಹೋಗುತ್ತದೆ. ಆದ್ದರಿಂದ ನಿಮ್ಮ ಬೋಗಿ ಪ್ಲಾಟ್‌ಫಾರ್ಮಿನ ಯಾವ ಅಕ್ಷರದ ಬಳಿ ನಿಲ್ಲುತ್ತದೆ ಎಂದು ಫಲಕದಲ್ಲಿ ಮೊದಲೇ ನೋಡಿಕೊಳ್ಳಿ.

ನಿಮ್ಮ ಪ್ರವಾಸವನ್ನು ನಾನಾದರೆ ಹೀಗೆ ಹೊಂದಿಸುತ್ತೇನೆ. ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ, ಪೆಟ್ಟಿಗೆ ಯಾವಾಗ ಕೈಗೆ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಹಾಗಾಗಿ ಮೊದಲ ದಿನ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಆಫೆನ್‌ಬುರ್ಗ್ ಮಾರ್ಗವಾಗಿ ಸ್ಟ್ರಾಸ್‌ಬರ್ಗ್‌ಗೆ ಪೂರ್ಣ ದರದ ಸಾದಾ ಟಿಕೆಟ್. ದುಬಾರಿಯಾದರೂ ಆ ದಿನಕ್ಕೆ ಅದೇ ಸರಿ. ಸ್ಟ್ರಾಸ್‌ಬರ್ಗ್‌ನಲ್ಲಿ ತಂಗಿದ ಮೇಲೆ ಲಿಯಾನ್‌ಗೂ, ಲಿಯಾನ್‌ನಿಂದ ಪ್ಯಾರಿಸ್‌ಗೂ ಟಿಜಿವಿಯನ್ನು ಈಗಲೇ ಕಾಯ್ದಿರಿಸಿ. ಹೋಟೆಲಿನಿಂದ ನೇರವಾಗಿ ನಿಲ್ದಾಣಕ್ಕೆ ಹೋಗುವುದರಿಂದ ತಪ್ಪಲು ಕಾರಣವಿಲ್ಲ. ಲಿಯಾನ್–ಪ್ಯಾರಿಸ್ ಎರಡು ಗಂಟೆಯ ದಾರಿ, ರೈಲುಗಳೂ ಬೇಕಾದಷ್ಟಿವೆ, ಅಮ್ಮನಿಗೆ ಅನುಕೂಲವಾದ ಹೊತ್ತು ಆರಿಸಿಕೊಳ್ಳಿ.

ಪ್ಯಾರಿಸ್‌ನಿಂದ ಫ್ರಾಂಕ್‌ಫರ್ಟ್‌ಗೆ ಬರುವ ಹೈಸ್ಪೀಡ್ ರೈಲಿಗೂ ಗಡಿ ದಾಟುವುದಾದರೆ ಸೀಟು ಬೇಕೇ ಬೇಕು, ಅದು ಜರ್ಮನಿಯ ರೈಲಾಗಿದ್ದರೂ ಸರಿ. ವಿಮಾನದ ದಿನವೇ ಅದನ್ನು ಹತ್ತುವ ಯೋಚನೆಯಿದ್ದರೆ ಬಿಟ್ಟುಬಿಡಿ. ಹಿಂದಿನ ದಿನವೇ ಬಂದು ಫ್ರಾಂಕ್‌ಫರ್ಟ್ ಮುಖ್ಯ ನಿಲ್ದಾಣದ ಹತ್ತಿರ ತಂಗಿ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಸ್8, ಎಸ್9 ನಗರ ರೈಲುಗಳು ಕಾಲುಗಂಟೆಗೊಂದರಂತೆ ಬರುತ್ತವೆ, ಸಾದಾ ಟಿಕೆಟ್ ಸಾಕು.