ಕಿರುಕುಳ ಕೊಟ್ಟವನು ಕ್ಲೈಂಟ್ ಕಡೆಯವನಾದರೆ ನಮ್ಮ ಕಂಪನಿಯ ಹೊಣೆ ಏನು?

"ಬೆಂಗಳೂರಲ್ಲಿ ಸೇಲ್ಸ್ ಕೆಲಸ ನನ್ನದು. ಕ್ಲೈಂಟ್ ಕಡೆಯ ಮ್ಯಾನೇಜರ್ ರಾತ್ರಿ ಹೊತ್ತು ಅಸಭ್ಯ ವಾಟ್ಸ್ಯಾಪ್ ಮೆಸೇಜ್ ಕಳಿಸ್ತಾನೆ. ಹೋದ ವಾರ ಅವರ ಆಫೀಸಲ್ಲೇ ಮೀಟಿಂಗ್ ಮುಗಿದ ಮೇಲೆ ಕೈ ಹಿಡಿದು ಎಳೆದ. ಎಚ್‌ಆರ್‌ಗೆ ಹೇಳಿದ್ರೆ 'ಅವನು ನಮ್ಮ ಉದ್ಯೋಗಿ ಅಲ್ವಲ್ಲ' ಅಂತಾರೆ. ನಿಜಾನಾ?"

ಅವನ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮ್ಮ ಕಂಪನಿಗಿಲ್ಲ, ಅಷ್ಟು ಮಾತ್ರ ನಿಜ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯ 19ನೇ ಕಲಂ ಪ್ರಕಾರ, ಕೆಲಸದ ಜಾಗದಲ್ಲಿ ನಿಮ್ಮ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಮಾಲೀಕರ ಹೊಣೆ. ಕೆಲಸದ ಮೇಲೆ ಹೋದ ಜಾಗವೆಲ್ಲ ಈ ಕಾಯ್ದೆಗೆ ಕೆಲಸದ ಜಾಗವೇ, ಹಾಗಾಗಿ ಕ್ಲೈಂಟ್ ಆಫೀಸೂ ಅದರೊಳಗೆ ಬರುತ್ತದೆ.

ಇಂಥ ಪ್ರಕರಣ ಕೆಡುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಎಚ್‌ಆರ್ ಕ್ಯಾಬಿನ್‌ನಲ್ಲಿ ಹೇಳಿಕೊಂಡದ್ದು ದೂರು ಅನ್ನಿಸಿಕೊಳ್ಳುವುದಿಲ್ಲ, ಅತ್ತ ಗಡುವು ಓಡುತ್ತಲೇ ಇರುತ್ತದೆ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಇಂಥ ದೂರು ವಿಚಾರಿಸಲೆಂದೇ ಇರುವ ನಿಮ್ಮ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರಿನ 6 ಪ್ರತಿ, ಜೊತೆಗೆ ದಾಖಲೆಗಳು ಮತ್ತು ಸಾಕ್ಷಿಗಳ ಹೆಸರು ಬೇಕು. ಮೀಟಿಂಗ್ ನಡೆದ ದಿನ, ಹೊತ್ತು, ಆಗ ಯಾರ್‍ಯಾರಿದ್ದರು ಎಂದು ಬರೆಯಿರಿ. ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ: ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಆ ಫೋನ್ ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ.

'ಬೇರೆ ಕಂಪನಿಯವನ ವಿಚಾರಣೆ ನಮಗೆ ಬರುವುದಿಲ್ಲ' ಎಂದು ಸಮಿತಿ ನುಣುಚಿಕೊಂಡರೆ, 2025ರ ಡಿಸೆಂಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು ತೋರಿಸಿ. ಆ ಪ್ರಕರಣ ಎರಡು ಸರ್ಕಾರಿ ಇಲಾಖೆಗಳ ನಡುವಿನದು. ಆದರೂ ಕೋರ್ಟ್ ಕಾಯ್ದೆಯನ್ನೇ ಅರ್ಥೈಸಿ, ಮಹಿಳೆ ಕೆಲಸ ಮಾಡುವ ಕಡೆಯ ಸಮಿತಿಯೇ ಬೇರೆ ಕಡೆಯ ಉದ್ಯೋಗಿಯ ಮೇಲಿನ ದೂರನ್ನು ವಿಚಾರಿಸಬಹುದು ಎಂದಿದೆ. ಸಮಿತಿಯ ವರದಿ ಅವನ ಮಾಲೀಕರಿಗೆ ಹೋಗುತ್ತದೆ, ಕ್ರಮ ಅವರದು. ಅಂಗಡಿಗೋ ಹೋಟೆಲಿಗೋ ಬಂದುಹೋಗುವ ಗಿರಾಕಿಯಾದರೆ ಈ ದಾರಿ ಅಷ್ಟು ಉಪಯೋಗಕ್ಕೆ ಬಾರದು, ವರದಿ ಕಳಿಸಲು ಅವನಿಗೊಬ್ಬ ಮಾಲೀಕ ಇರಬೇಕಲ್ಲ.

ಆಗ ಉಳಿಯುವುದು ಪೊಲೀಸ್ ದೂರು. ನಿಮ್ಮ ವಿಷಯದಲ್ಲೂ ಅದು ಮುಕ್ತ: ಲೈಂಗಿಕ ಕಿರುಕುಳಕ್ಕೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ. ಆರೋಪಿ ಹೊರಗಿನವನಾಗಿದ್ದು ನೀವು ಬಯಸಿದರೆ, ಕಾನೂನು ಕ್ರಮ ಶುರುಮಾಡಿಸುವುದು ಕಂಪನಿಯ ಕರ್ತವ್ಯ, ಅದೂ 19ನೇ ಕಲಮಿನಲ್ಲೇ ಇದೆ. 'ಕಾನೂನು ಕ್ರಮ ಬೇಕೆಂದು ಕೋರುತ್ತೇನೆ' ಎಂದು ಮೇಲ್ ಹಾಕಿಬಿಡಿ. ಆಮೇಲೆ 'ಆಕೆ ಕೇಳಲೇ ಇಲ್ಲ' ಎನ್ನಲು ಅವರಿಗೆ ಬಾಯಿರುವುದಿಲ್ಲ.

ಇನ್ನೊಂದು. ವಿಚಾರಣೆ ಮುಗಿಯುವವರೆಗೆ ಕಂಪನಿಗಳು ಸುಲಭದ ದಾರಿ ಹಿಡಿದು ಮಹಿಳೆಯನ್ನೇ ಆ ಕ್ಲೈಂಟಿನ ಅಕೌಂಟಿನಿಂದ ತೆಗೆಯುತ್ತವೆ. ಇನ್ಸೆಂಟಿವ್ ಹೋಗುವುದು ನಿಮ್ಮದು, ಅವನಿಗೇನೂ ಆಗದು. ಕಾಯ್ದೆ ಪ್ರಕಾರ ವರ್ಗವಾಗಲಿ, 3 ತಿಂಗಳವರೆಗಿನ ಹೆಚ್ಚುವರಿ ರಜೆಯಾಗಲಿ ಸಿಗುವುದು ನೀವು ಬರೆದು ಕೇಳಿದರೆ. ಹಾಗಾಗಿ ಕ್ಲೈಂಟ್ ಕಡೆಯಿಂದ ಬೇರೆಯವರನ್ನು ಮಾತುಕತೆಗೆ ನೇಮಿಸಬೇಕು, ಅಲ್ಲಿಯವರೆಗೆ ಅಲ್ಲಿಗೆ ಒಬ್ಬಳನ್ನೇ ಕಳಿಸಬಾರದು, ಅಕೌಂಟ್ ನನ್ನಲ್ಲೇ ಇರಬೇಕು ಎಂದು ಅದೇ ಮೇಲ್‌ನಲ್ಲಿ ಸೇರಿಸಿ.