ಮ್ಯಾನೇಜರ್ ಮೇಲಿನವರಿಗೆ ಬರೆಯುವ ಮೇಲ್

ಮೂರು ಸಲ ಕೇಳಿದರೂ ಮ್ಯಾನೇಜರ್ ನನ್ನ ಪ್ರಯಾಣದ ಬಿಲ್ ಪಾಸ್ ಮಾಡಿಲ್ಲ. ಅವರ ಮೇಲಿನವರಿಗೆ ದೂರು ಅನ್ನಿಸದ ಹಾಗೆ ಹೇಗೆ ಬರೆಯಲಿ?

ತಾರೀಖು, ಮೊತ್ತ, ಈಗ ಆಗಬೇಕಾದ ಒಂದು ಕೆಲಸ, ಇಷ್ಟನ್ನೇ ಬರೆದು ಮ್ಯಾನೇಜರನ್ನೂ ಸಿಸಿಯಲ್ಲಿಡಿ. ಮೇಲಿನವರು ಸಾಮಾನ್ಯವಾಗಿ ಮೊದಲು ಕೇಳುವುದು ಅವರನ್ನೇ, "ಏನ್ರೀ ಇದು?" ಅಂತ. ಆಗ ಅವರು ಅಲ್ಲಗಳೆಯಲಾಗದ ಮಾತಷ್ಟೇ ಅದರಲ್ಲಿರಬೇಕು. "ನಿರ್ಲಕ್ಷಿಸಿದರು" ಅಂತ ಬರೆದಿರೋ, ಚರ್ಚೆ ಅವರ ಸ್ವಭಾವದ ಕಡೆ ತಿರುಗಿ ಬಿಲ್ ಅಲ್ಲೇ ಉಳಿಯುತ್ತದೆ.

"ಫೆಬ್ರವರಿ 3ರಂದು ₹18,400ರ ಬಿಲ್ ಸಲ್ಲಿಸಿದ್ದೆ. 12 ಮತ್ತು 20ರಂದು ಮೇಲ್ ಮಾಡಿ, 26ರಂದು ಮುಖತಃ ನೆನಪಿಸಿದ್ದೆ (ಹಳೆಯ ಮೇಲ್‌ಗಳು ಕೆಳಗಿವೆ). ಪೋರ್ಟಲ್‌ನಲ್ಲಿ ಇಂದಿಗೂ Pending ಎಂದಿದೆ. ಅಕೌಂಟ್ಸ್‌ನವರ ಕೊನೆಯ ದಿನ ಮಾರ್ಚ್ 25. ಅಷ್ಟರೊಳಗೆ ಅನುಮೋದನೆ ಸಿಗಬಹುದೇ, ಅಥವಾ ನನ್ನಿಂದ ಬೇರೆ ದಾಖಲೆ ಬೇಕೇ?"

ಆ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮ್ಯಾನೇಜರಿಗೆ ಮುಖಭಂಗವಾಗದೆ ಬಿಲ್ ಪಾಸ್ ಮಾಡಲು ದಾರಿ ಸಿಗುವುದು ಅಲ್ಲೇ.